ರಾಮಣ್ಣನ ನಾಲ್ಕು ಲಕ್ಷ: ಲಿಮಿಟೇಷನ್ ಲೆಕ್ಕದಲ್ಲಿ ಐದನೇ ಕಲಂ ಕೊನೆಗೆ ಬರಬೇಕು

ಲಿಮಿಟೇಷನ್ ಆಕ್ಟ್ ಮೇಲೆ ಸಮಸ್ಯೆ ಕೊಟ್ಟರೆ ನಿಮ್ಮಲ್ಲಿ ಹೆಚ್ಚಿನವರು ಮೊದಲು ಬರೆಯೋದು ಐದನೇ ಕಲಂ. ತಡವಾಗಿದೆ, ಕಾರಣ ಸಾಚಾ ಇದೆ, ಆದ್ದರಿಂದ ಕೋರ್ಟು ವಿಳಂಬ ಮನ್ನಾ ಮಾಡಬಹುದು. ಅಲ್ಲಿಗೆ ಉತ್ತರ ಮುಗೀತು. ಅರ್ಧಕ್ಕರ್ಧ ಅಂಕ ಹೋಗೋದು ಅಲ್ಲೇ. ಯಾಕೆಂದರೆ ತಡ ಆಗಿದೆಯೋ ಇಲ್ಲವೋ ಅಂತ ಹೇಳಬೇಕಾದರೆ ಮೊದಲು ಗಡಿಯಾರ ಯಾವತ್ತು ಶುರುವಾಯಿತು ಅಂತ ಗೊತ್ತಿರಬೇಕು, ನಡುವೆ ಅದು ಮತ್ತೆ ಮೊದಲಿಂದ ಶುರುವಾಯಿತಾ ಅಂತ ನೋಡಿರಬೇಕು. ಅದಾದ ಮೇಲೂ ತಡ ಉಳಿದರೆ, ನಮ್ಮ ಮುಂದಿರೋದು ದಾವೆಯೋ ಮೇಲ್ಮನವಿಯೋ ಅಂತ ಕೇಳಿಕೊಳ್ಳಬೇಕು. ಇಷ್ಟು ದಾಟಿದ ಮೇಲೆ ಐದನೇ ಕಲಂ. ಈ ಕ್ರಮವನ್ನು ತಪ್ಪಿಸಬೇಡಿ.

ಒಂದೇ ಒಂದು ಸಮಸ್ಯೆ ತಗೊಂಡು ಇದನ್ನು ನೋಡೋಣ. ತಾರೀಖುಗಳನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ, ಪರೀಕ್ಷೆಯಲ್ಲೂ ಹಾಗೇ ಮಾಡಿ.

2022ರ ಏಪ್ರಿಲ್ 12ರಂದು ರಾಮಣ್ಣ ಸೋಮಣ್ಣನಿಗೆ ನಾಲ್ಕು ಲಕ್ಷ ರೂಪಾಯಿ ಕೈಗಡ ಕೊಟ್ಟ. ದುಡ್ಡು ಬ್ಯಾಂಕ್ ಖಾತೆಯಿಂದ ಖಾತೆಗೆ ಹೋಗಿದೆ. ಪತ್ರ ಗಿತ್ರ ಏನೂ ಇಲ್ಲ, "ನೀನು ಕೇಳಿದಾಗ ಕೊಡ್ತೀನಿ" ಅಂತ ಬಾಯಿಮಾತು. ಸುಮಾರು ಎರಡು ವರ್ಷ ರಾಮಣ್ಣ ಸುಮ್ಮನಿದ್ದ. 2024ರ ಮಾರ್ಚ್ 2ರಂದು ಮೊದಲ ಸಲ ಫೋನ್ ಮಾಡಿ ಕೇಳಿದ. ಸೋಮಣ್ಣ ಇವತ್ತು ನಾಳೆ ಅಂದ. 2025ರ ಏಪ್ರಿಲ್ 10ರಂದು ಸೋಮಣ್ಣ ಹುಬ್ಬಳ್ಳಿಯಲ್ಲಿರುವ ತನ್ನ ಅಣ್ಣನಿಗೆ ಒಂದು ಕಾಗದ ಬರೆದು ಸಹಿ ಹಾಕಿದ. ಅದರಲ್ಲಿ ಹೀಗಿದೆ: "ರಾಮಣ್ಣನಿಗೆ ನಾನು ನಾಲ್ಕು ಲಕ್ಷ ಕೊಡೋದು ಇನ್ನೂ ಬಾಕಿ ಇದೆ. ಆದರೆ ಒಂದು ರೂಪಾಯಿನೂ ಕೊಡೋದಿಲ್ಲ. ಅವನು ನನಗೆ ಅಡಿಕೆ ಬಾಬ್ತು ಕೊಡಬೇಕಾದದ್ದನ್ನು ಮೊದಲು ಕಳೆಯಲಿ." ಆಮೇಲೆ ಅಣ್ಣ ತಮ್ಮಂದಿರಿಗೆ ಜಗಳ ಆಗಿ ಆ ಕಾಗದ ರಾಮಣ್ಣನ ಕೈಗೆ ಬಂತು. 2025ರ ಜುಲೈ 2ರಂದು ರಾಮಣ್ಣ ದಾವೆ ಹಾಕಿದ. 2026ರ ಫೆಬ್ರವರಿ 2ರಂದು ಕೋರ್ಟು, ಇದು ಕಾಲಮಿತಿ ಮೀರಿದ ದಾವೆ ಅಂತ ವಜಾ ಮಾಡಿತು. ಅದರ ಮೇಲೆ ರಾಮಣ್ಣ ಏಪ್ರಿಲ್ 10ರಂದು ಮೇಲ್ಮನವಿ ಹಾಕಿದ. ಮೇಲ್ಮನವಿ ಹೋಗಬೇಕಾದ್ದು ಹೈಕೋರ್ಟಿಗಲ್ಲ, ಅದಕ್ಕಿಂತ ಕೆಳಗಿನ ಕೋರ್ಟಿಗೆ.

ದಾವೆ ಹಾಕಿ ಏಳು ತಿಂಗಳಿಗೆ ತೀರ್ಪು ಬರುತ್ತಾ ಅಂತ ನಗಬೇಡಿ. ಪ್ರಶ್ನೆಪತ್ರಿಕೆಯಲ್ಲಿ ಬರುತ್ತೆ. ಇನ್ನೊಂದು ಮಾತು. ಸಾಲದ ತಾರೀಖನ್ನು ಬೇಕೆಂದೇ 2022ರ ಫೆಬ್ರವರಿ ದಾಟಿಸಿ ಇಟ್ಟಿದ್ದೇನೆ. ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನೇ ಲೆಕ್ಕದಿಂದ ಬಿಡಿಸಿತ್ತು. ಅದನ್ನೂ ಸೇರಿಸಿದರೆ ಇವತ್ತಿನ ಪಾಠ ಮುಗಿಯೋದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಆ ಅವಧಿಯ ತಾರೀಖು ಬಂದರೆ ಮಾತ್ರ ಮರೀಬೇಡಿ.

ಈಗ ಮೊದಲ ಪ್ರಶ್ನೆ. ಗಡಿಯಾರ ಯಾವತ್ತು ಶುರುವಾಯಿತು?

"ಕೇಳಿದಾಗ ಕೊಡ್ತೀನಿ" ಅಂದಿದ್ದಾನೆ, ಕೇಳಿದ್ದು 2024ರ ಮಾರ್ಚ್ 2ರಂದು, ಹಾಗಾಗಿ ಅಲ್ಲಿಂದ ಮೂರು ವರ್ಷ. ಕೇಳೋಕೆ ಎಷ್ಟು ಸರಿ ಅನ್ನಿಸುತ್ತೆ ಅಲ್ವಾ? ಆದರೆ ತಪ್ಪು. ಕಾಯ್ದೆಯ ಅನುಸೂಚಿಯಲ್ಲಿ ಆರ್ಟಿಕಲ್ 21 ನೋಡಿ. ಕೇಳಿದಾಗ ಕೊಡಬೇಕು ಅನ್ನೋ ಒಪ್ಪಂದದ ಮೇಲೆ ಕೊಟ್ಟ ಸಾಲಕ್ಕೆ ಮೂರು ವರ್ಷ, ಅದು ಶುರುವಾಗೋದು ಸಾಲ ಕೊಟ್ಟ ದಿನದಿಂದ. ಕೇಳಿದ ದಿನದಿಂದ ಅಲ್ಲ. ಇದರ ಹಿಂದೆ ಒಂದು ತರ್ಕ ಇದೆ. ಕೇಳಿದಾಗ ಕೊಡಬೇಕಾದ ಸಾಲ ಅಂದರೆ ಕೊಟ್ಟ ಮರುಕ್ಷಣವೇ ವಾಪಸ್ ಕೇಳಬಹುದಾದ ಸಾಲ, ಅಂದಮೇಲೆ ದಾವೆ ಹಾಕೋ ಹಕ್ಕು ಆಗಲೇ ಹುಟ್ಟಿಬಿಟ್ಟಿದೆ. ಹಾಗಲ್ಲದಿದ್ದರೆ ಸಾಲ ಕೊಟ್ಟವನು ಇಪ್ಪತ್ತು ವರ್ಷ ಸುಮ್ಮನಿದ್ದು ಆಮೇಲೆ ಒಂದು ದಿನ ಕೇಳಿ, ಇವತ್ತಿಂದ ಮೂರು ವರ್ಷ ಅಂತ ಹೊಸ ಲೆಕ್ಕ ತೆಗೀಬಹುದು. ಕಾಯ್ದೆಗೆ ಅದು ಬೇಡ.

ಇಲ್ಲೇ ಪರೀಕ್ಷಕರು ಒಂದು ಬಲೆ ಹಾಕ್ತಾರೆ. ಪಕ್ಕದಲ್ಲೇ ಆರ್ಟಿಕಲ್ 22 ಇದೆ. ಅದು ಠೇವಣಿಗೆ, ಅಂದರೆ ಕೇಳಿದಾಗ ವಾಪಸ್ ಕೊಡಬೇಕು ಅಂತ ಒಬ್ಬರ ಹತ್ತಿರ ಇಟ್ಟ ದುಡ್ಡಿಗೆ. ಅಲ್ಲೂ ಮೂರು ವರ್ಷವೇ, ಆದರೆ ಶುರುವಾಗೋದು ಕೇಳಿದ ದಿನದಿಂದ. ರಾಮಣ್ಣ ದುಬೈಗೆ ಹೊರಟವನು "ಈ ನಾಲ್ಕು ಲಕ್ಷ ನಿನ್ನ ಹತ್ತಿರ ಇರಲಿ, ನಾನು ಕೇಳಿದಾಗ ಕೊಡು" ಅಂತ ಸೋಮಣ್ಣನ ಕೈಯಲ್ಲಿ ಇಟ್ಟಿದ್ದರೆ, ಆಗ 2024ರ ಮಾರ್ಚ್ 2 ಸರಿಯಾದ ತಾರೀಖು, ಕೊನೆಯ ದಿನ 2027ರ ಮಾರ್ಚ್ 2. ಸಾಲವೋ ಠೇವಣಿಯೋ ಅಂತ ತೀರ್ಮಾನಿಸೋಕೆ ಯಾರ ಅಗತ್ಯಕ್ಕೆ ದುಡ್ಡು ಕೈ ಬದಲಾಯಿಸಿತು ಅಂತ ಕೇಳಿ. ತಗೊಂಡವನ ಅಗತ್ಯಕ್ಕಾದರೆ ಸಾಮಾನ್ಯವಾಗಿ ಸಾಲ, ಕೊಟ್ಟವನ ಅಗತ್ಯಕ್ಕೆ ಕಾಪಾಡಿಕೊಡಲು ಆದರೆ ಠೇವಣಿ. ನಮ್ಮ ಸಮಸ್ಯೆಯಲ್ಲಿ 'ಕೈಗಡ' ಅಂತ ಸ್ಪಷ್ಟವಾಗಿ ಇದೆ, ತಲೆ ಕೆಡಿಸಿಕೊಳ್ಳಬೇಡಿ. "ಬರೋ ಯುಗಾದಿಗೆ ಕೊಡ್ತೀನಿ" ಅಂತ ದಿನ ಗೊತ್ತುಮಾಡಿದ್ದರೆ ಅದು ಮೂರನೇ ಬಗೆ. ಆ ದಿನ ಕಳೆದು ದುಡ್ಡು ಬಾರದೇ ಹೋದಾಗ ಹಕ್ಕು ಹುಟ್ಟುತ್ತೆ, ಗಡಿಯಾರವೂ ಆಗಲೇ ಶುರು. ಹಾಗಾಗಿ ಪ್ರಶ್ನೆಯಲ್ಲಿ ದುಡ್ಡು ಕೊಡುವಾಗ ಏನು ಮಾತಾಯಿತು ಅನ್ನೋ ಸಾಲನ್ನು ಎರಡು ಸಲ ಓದಿ. ಇಡೀ ಉತ್ತರ ಅದರ ಮೇಲೆ ನಿಂತಿರುತ್ತೆ.

ಸರಿ, ಶುರು 2022ರ ಏಪ್ರಿಲ್ 12. ಕಲಂ 12ರ ಪ್ರಕಾರ ಶುರುವಾದ ದಿನವನ್ನು ಬಿಟ್ಟು ಎಣಿಸಬೇಕು. ಹಾಗೆ ಮೂರು ವರ್ಷ ಎಣಿಸಿದರೆ ಕೊನೆಯ ದಿನ 2025ರ ಏಪ್ರಿಲ್ 12. ಈಗ ಕ್ಯಾಲೆಂಡರ್ ತೆಗೀರಿ. ಆವತ್ತು ಶನಿವಾರ, ಅದೂ ಎರಡನೇ ಶನಿವಾರ, ಕೋರ್ಟಿಗೆ ರಜೆ. ಮಾರನೇ ದಿನ ಭಾನುವಾರ. ಸೋಮವಾರ ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ಕೋರ್ಟು ಬಾಗಿಲು ತೆಗೆಯೋದು ಮಂಗಳವಾರ 15ಕ್ಕೆ. ಕಾಲಮಿತಿ ಮುಗಿಯೋ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ದಾವೆ ಹಾಕಬಹುದು ಅಂತ ಕಲಂ 4 ಹೇಳುತ್ತೆ. ಅಂದರೆ ಆ ಕಾಗದವನ್ನು ಮರೆತುಬಿಟ್ಟು ನೋಡಿದರೆ ರಾಮಣ್ಣ 15ರಂದು ದಾವೆ ಹಾಕಿದ್ದರೂ ನಡೀತಿತ್ತು.

ಆದರೆ ಅವನು ಹಾಕಿದ್ದು ಜುಲೈ 2ಕ್ಕೆ. ಹಾಗಾಗಿ ಇಡೀ ಭಾರ ಅಣ್ಣನಿಗೆ ಬರೆದ ಕಾಗದದ ಮೇಲೆ ಬಿತ್ತು.

ಕಲಂ 18 ಏನು ಕೇಳುತ್ತೆ? ಹೊಣೆ ಇದೆ ಅಂತ ಒಪ್ಪಿಕೊಂಡ ಬರಹ ಇರಬೇಕು. ಯಾರ ಮೇಲೆ ಹಕ್ಕು ಸಾಧಿಸಬೇಕೋ ಅವನ ಅಥವಾ ಅವನು ಅಧಿಕಾರ ಕೊಟ್ಟವನ ಸಹಿ ಇರಬೇಕು. ಮುಖ್ಯವಾಗಿ, ಕಾಲಮಿತಿ ಮುಗಿಯೋದಕ್ಕೆ ಮುಂಚೆ ಆ ಸಹಿ ಬಿದ್ದಿರಬೇಕು. ಇಷ್ಟಿದ್ದರೆ ಸಹಿ ಹಾಕಿದ ದಿನದಿಂದ ಹೊಸದಾಗಿ ಪೂರ್ತಿ ಅವಧಿ ಸಿಗುತ್ತೆ. ಉಳಿದದ್ದಕ್ಕೆ ಸೇರಿಸೋದಲ್ಲ, ಮೊದಲಿನಿಂದ ಮೂರು ವರ್ಷ.

ಈಗ ನಿಮ್ಮ ಮನಸ್ಸಿನಲ್ಲಿ ಮೂರು ತಕರಾರು ಇರುತ್ತೆ. ಕಾಗದ ರಾಮಣ್ಣನಿಗೆ ಬರೆದದ್ದೇ ಅಲ್ಲ, ಅಣ್ಣನಿಗೆ. ಅದರಲ್ಲಿ "ಕೊಡೋದಿಲ್ಲ" ಅಂತ ಇದೆ. ಜೊತೆಗೆ ಅಡಿಕೆ ಬಾಬ್ತು ಕಳೆಯಲಿ ಅಂತ ಎದುರು ಲೆಕ್ಕ ಬೇರೆ. ಇದು ಒಪ್ಪಿಗೆ ಹೇಗಾಗುತ್ತೆ? ಕಲಂ 18ರ ವಿವರಣೆಯನ್ನು ಓದಿ, ಈ ಮೂರಕ್ಕೂ ಅಲ್ಲೇ ಉತ್ತರ ಇದೆ. ಒಪ್ಪಿಗೆ ಹಕ್ಕುದಾರನಿಗೇ ಬರೆದದ್ದಾಗಬೇಕಿಲ್ಲ, ಕೊಡೋದಿಲ್ಲ ಅನ್ನೋ ನಿರಾಕರಣೆ ಜೊತೆಗಿದ್ದರೂ ಆಗುತ್ತೆ, ಎದುರು ಬಾಕಿ ಕಳೆದುಕೊಳ್ಳೋ ಮಾತು ಸೇರಿದ್ದರೂ ಆಗುತ್ತೆ. ನೋಡಿ, ಕಾಯ್ದೆ ಕೇಳ್ತಿರೋದು ಸಾಲ ಇದೆ ಅನ್ನೋ ಒಪ್ಪಿಗೆ ಮಾತ್ರ. ಕೊಡ್ತೀನಿ ಅನ್ನೋ ಮಾತು ಅದಕ್ಕೆ ಬೇಕಿಲ್ಲ. ಸೋಮಣ್ಣ ಕೊಡೋಲ್ಲ ಅನ್ನುವ ಭರದಲ್ಲೇ ಬಾಕಿ ಇದೆ ಅಂತ ಬರೆದುಕೊಟ್ಟುಬಿಟ್ಟ.

ಒಂದು ಎಚ್ಚರ ಬೇಕು. ಬರಹ ಈಗ ಇರುವ ಹೊಣೆಯ ಬಗ್ಗೆ ಇರಬೇಕು. ಶಾಪೂರ್ ಫ್ರೀಡಂ ಮಜ್ದಾ ಪ್ರಕರಣದಲ್ಲಿ, 1961ರ ತೀರ್ಪು ಅದು, ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು. ಸಾಲಗಾರ, ಸಾಲಕೊಟ್ಟವ ಅನ್ನುವ ಸಂಬಂಧ ಇನ್ನೂ ಉಳಿದಿದೆ ಅಂತ ಒಪ್ಪುವ ಉದ್ದೇಶ ಬರಹದಿಂದ ಹೊರಡಬೇಕು. ಪದಗಳನ್ನು ಸ್ವಲ್ಪ ಉದಾರವಾಗಿ ಓದಬಹುದು, ಆದರೆ ಇಲ್ಲದ ಒಪ್ಪಿಗೆಯನ್ನು ತುರುಕೋ ಹಾಗಿಲ್ಲ. ಸೋಮಣ್ಣನ ಕಾಗದದಲ್ಲಿ "2022ರಲ್ಲಿ ರಾಮಣ್ಣನ ಹತ್ತಿರ ನಾಲ್ಕು ಲಕ್ಷ ಸಾಲ ತಗೊಂಡಿದ್ದೆ" ಅಂತ ಅಷ್ಟೇ ಇದ್ದಿದ್ದರೆ ಸಾಲದು. ತಗೊಂಡಿದ್ದು ನಿಜ, ತೀರಿಸಿರಲೂಬಹುದು. "ಇನ್ನೂ ಬಾಕಿ ಇದೆ" ಅನ್ನೋ ಮಾತಿನಿಂದಲೇ ರಾಮಣ್ಣನಿಗೆ ಜೀವ ಬಂತು. ಪ್ರಶ್ನೆಪತ್ರಿಕೆಯಲ್ಲಿ ಪತ್ರದ ಒಂದು ವಾಕ್ಯ ಕೊಟ್ಟಿದ್ದರೆ ಅದರ ಕ್ರಿಯಾಪದದ ಮೇಲೆ ಬೆರಳಿಟ್ಟು ಓದಿ.

ಫೋನಿನಲ್ಲಿ "ಇವತ್ತು ನಾಳೆ" ಅಂದದ್ದು? ಅದಕ್ಕೆ ಇಲ್ಲಿ ಬೆಲೆ ಇಲ್ಲ, ಬಾಯಿಮಾತು ಕಲಂ 18ಕ್ಕೆ ಒಪ್ಪಿಗೆಯಲ್ಲ. ಇಮೇಲ್ ಆದರೆ? ಸುದರ್ಶನ್ ಕಾರ್ಗೋ ಪ್ರಕರಣದಲ್ಲಿ 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಇಮೇಲ್ ಒಪ್ಪಿಗೆಯನ್ನು ಕಲಂ 18ರ ಒಪ್ಪಿಗೆ ಅಂತ ಸ್ವೀಕರಿಸಿದೆ. ಪ್ರಶ್ನೆಯಲ್ಲಿ ಇಮೇಲ್ ಬಂದರೆ ಆ ಹೆಸರು ಬರೆಯಿರಿ. ತಾರೀಖಿಲ್ಲದ ಕಾಗದ ಆದರೆ ಸಹಿ ಯಾವತ್ತು ಬಿತ್ತು ಅಂತ ಸಾಕ್ಷಿಯ ಬಾಯಿಂದ ಹೇಳಿಸಬಹುದು. ಕಾಗದದ ಒಳಗೆ ಏನಿತ್ತು ಅಂತ ಬಾಯಲ್ಲಿ ಹೇಳಿಸೋಕೆ ಮಾತ್ರ ಸಾಮಾನ್ಯವಾಗಿ ಬಿಡೋದಿಲ್ಲ. ನಮ್ಮ ಅಣ್ಣನನ್ನು ಸಾಕ್ಷಿ ಕಟ್ಟೆಗೆ ಕರೆದರೂ ಕಾಗದ ಕೈಯಲ್ಲಿರಬೇಕು.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಹಳ್ಳಿ ಕಡೆ ಪ್ರೋನೋಟಿನ ಹಿಂಬದಿಯಲ್ಲಿ "ಐನೂರು ರೂಪಾಯಿ ಪಾವತಿ" ಅಂತ ಬರೆದಿರೋದನ್ನು ನೀವು ನೋಡಿರಬಹುದು. ಮೂರು ವರ್ಷ ತುಂಬೋಕೆ ಮುಂಚೆ ಒಂದಿಷ್ಟು ಪಾವತಿ ಆದರೆ ಕಲಂ 19ರ ಪ್ರಕಾರ ಪಾವತಿಯಾದ ದಿನದಿಂದ ಹೊಸ ಅವಧಿ ಶುರುವಾಗುತ್ತೆ, ಅದಕ್ಕೇ ಈ ಹಿಂಬರಹ. ಆದರೆ ಆ ಬರಹ ದುಡ್ಡು ಕೊಟ್ಟವನ ಕೈಬರಹದಲ್ಲಿರಬೇಕು ಇಲ್ಲವೇ ಅವನ ಸಹಿ ಇರಬೇಕು. ಎಷ್ಟೋ ಸಲ ಸಾಲ ಕೊಟ್ಟವನೇ ತನ್ನ ಅಕ್ಷರದಲ್ಲಿ ಬರೆದುಕೊಂಡು, ಕೆಳಗೆ ತಾನೇ ಸಹಿ ಹಾಕಿಕೊಂಡಿರ್ತಾನೆ. ಹಿಂಬರಹ ಯಾರದ್ದು ಅಂತ ಪ್ರಶ್ನೆಯಲ್ಲಿ ಸಣ್ಣದಾಗಿ ಹೇಳಿದ್ದರೆ ಅದು ಸುಮ್ನೆ ಹೇಳಿದ್ದಲ್ಲ.

ಈಗ ಕಾಗದದ ತಾರೀಖನ್ನು ಸ್ವಲ್ಪ ಅಲುಗಾಡಿಸೋಣ. ಸಹಿ ಏಪ್ರಿಲ್ 10ರಂದು ಬಿದ್ದಿದೆ, ಕೊನೆಯ ದಿನ 12. ಎರಡು ದಿನ ಮುಂಚೆ. ಹೊಸ ಮೂರು ವರ್ಷ ಶುರು, 2028ರ ಏಪ್ರಿಲ್ 10ರವರೆಗೆ ರಾಮಣ್ಣನಿಗೆ ಸಮಯ ಇದೆ, ಜುಲೈ 2ರ ದಾವೆ ಆರಾಮವಾಗಿ ಒಳಗೇ ಬೀಳುತ್ತೆ. ಕಾಗದ ಅಣ್ಣನಿಗೆ ಯಾವತ್ತು ತಲುಪಿತು, ರಾಮಣ್ಣನ ಕೈಗೆ ಯಾವತ್ತು ಬಂತು, ಇದೆಲ್ಲ ಲೆಕ್ಕಕ್ಕಿಲ್ಲ. ಸಹಿಯ ದಿನ ಮಾತ್ರ ಲೆಕ್ಕ.

ಅದೇ ಸಹಿ ಏಪ್ರಿಲ್ 14, ಸೋಮವಾರ ಬಿದ್ದಿದ್ದರೆ?

ಇಲ್ಲಿ ಜಾಣ ವಿದ್ಯಾರ್ಥಿಗಳೇ ಜಾಸ್ತಿ ಜಾರೋದು. "15ರವರೆಗೆ ದಾವೆ ಹಾಕಬಹುದಿತ್ತಲ್ಲ ಸಾರ್, ಹಾಗಾದರೆ 14ಕ್ಕೆ ಕಾಲಮಿತಿ ಇನ್ನೂ ಮುಗಿದಿರಲಿಲ್ಲ" ಅಂತಾರೆ. ಕಲಂ 4ರ ಮಾತನ್ನು ನಿಧಾನವಾಗಿ ಓದಿ. ಕಾಲಮಿತಿ ಮುಗಿಯುವ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ದಾವೆ ಹಾಕಬಹುದು ಅನ್ನುತ್ತೆ. ಮುಗಿಯುವ ದಿನ ಮುಂದೆ ಹೋಗುತ್ತೆ ಅಂತ ಎಲ್ಲೂ ಹೇಳೋದಿಲ್ಲ. ಕಾಲಮಿತಿ 12ಕ್ಕೇ ಮುಗಿದಿದೆ, ಬಾಗಿಲು ಮುಚ್ಚಿದ್ದಕ್ಕೆ ಒಳಗೆ ಬರೋಕೆ ಮಾತ್ರ ಒಂದು ಅವಕಾಶ ಕೊಟ್ಟಿದ್ದಾರೆ. ನಿಗದಿತ ಅವಧಿ ಬೇರೆ, ಈ ರಿಯಾಯಿತಿ ಬೇರೆ ಅನ್ನೋದನ್ನು ಅಸ್ಸಾಂ ಅರ್ಬನ್ ವಾಟರ್ ಸಪ್ಲೈ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಕಲಂ 4ನ್ನು ಓದುವಾಗ ಇಟ್ಟುಕೊಂಡಿದೆ. ಅದು ಮಧ್ಯಸ್ಥಿಕೆ ಕಾಯ್ದೆಯ ಪ್ರಕರಣ, ಆದರೂ ಓದುವ ರೀತಿ ನಮಗೆ ಉಪಯೋಗಕ್ಕೆ ಬರುತ್ತೆ. ಹಾಗಾಗಿ 14ರ ಸಹಿ ಕಲಂ 18ಕ್ಕೆ ತಡವಾದ ಸಹಿ. ಮುಗಿದ ಮೇಲೆ ಬಂದ ಒಪ್ಪಿಗೆ ಸತ್ತ ಗಡಿಯಾರಕ್ಕೆ ಕೀಲಿ ಕೊಡೋದಿಲ್ಲ.

ಆಗ ಇನ್ನೊಂದು ದಾರಿ ಇದೆಯಾ? ಕರಾರು ಕಾಯ್ದೆಯ ಕಲಂ 25ರ ಮೂರನೇ ಉಪಕಲಂ ನೆನಪಿಸಿಕೊಳ್ಳಿ. ಕಾಲಮಿತಿ ಮೀರಿದ ಸಾಲವನ್ನು ಕೊಡ್ತೀನಿ ಅಂತ ಬರೆದು ಸಹಿ ಹಾಕಿದರೆ ಅದು ಹೊಸ ಕರಾರು, ಅದರ ಮೇಲೆ ದಾವೆ ಹಾಕಬಹುದು. ಆದರೆ ಅಲ್ಲಿ ವಾಗ್ದಾನ ಬೇಕೇ ಬೇಕು. ಬಾಕಿ ಇದೆ ಅಂತ ಒಪ್ಪಿದರೆ ಸಾಲದು. ನಮ್ಮ ಸೋಮಣ್ಣ "ಒಂದು ರೂಪಾಯಿನೂ ಕೊಡೋದಿಲ್ಲ" ಅಂದಿದ್ದಾನೆ, ಅದನ್ನು ವಾಗ್ದಾನ ಅಂತ ಯಾವ ನ್ಯಾಯಾಧೀಶರೂ ಓದೋಕಾಗಲ್ಲ. ಒಂದೇ ಕಾಗದ. ಎರಡು ದಿನ ಮುಂಚೆ ಸಹಿ ಆಗಿದ್ದರೆ ಪೂರ್ತಿ ಬಲ, ಎರಡು ದಿನ ಆಮೇಲೆ ಆಗಿದ್ದರೆ ಬರೀ ಕಾಗದ.

ಇನ್ನೊಂದು ವಿಷಯ ಬರೆದರೆ ಪರೀಕ್ಷಕರಿಗೆ ಖುಷಿಯಾಗುತ್ತೆ. ಮೂರು ವರ್ಷ ದಾಟಿಸಿ ಹಾಕಿದ ದಾವೆ ಯಾಕೆ ಇನ್ನೂ ಬದುಕಿದೆ ಅಂತ ವಾದಪತ್ರದಲ್ಲೇ ಹೇಳಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 6 ಅದನ್ನು ಕೇಳುತ್ತೆ. ರಾಮಣ್ಣನ ವಕೀಲರು ಏಪ್ರಿಲ್ 10ರ ಕಾಗದವನ್ನು ವಾದಪತ್ರದಲ್ಲಿ ಕಾಣಿಸದೆ, ವಿಚಾರಣೆ ಹೊತ್ತಿಗೆ ತೆಗೆದು ತೋರಿಸೋಣ ಅಂತ ಕೂತರೆ, ಓದಿದ ಕೂಡಲೇ ಕಾಣೋದು 2022ರ ಸಾಲ, 2025ರ ಜುಲೈನ ದಾವೆ. ಅಷ್ಟಕ್ಕೇ ವಾದಪತ್ರ ತಿರಸ್ಕರಿಸಿ ಅಂತ ಎದುರು ಪಕ್ಷ ಅರ್ಜಿ ಹಾಕುತ್ತೆ. ಎದುರು ಪಕ್ಷ ಬಾಯಿ ಬಿಡದಿದ್ದರೂ ಬಿಡುಗಡೆ ಇಲ್ಲ. ಪ್ರತಿವಾದಿ ಆಕ್ಷೇಪ ಎತ್ತದಿದ್ದರೂ ಕಾಲಮಿತಿ ಮೀರಿದ ದಾವೆಯನ್ನು ಕೋರ್ಟು ತಾನೇ ವಜಾ ಮಾಡಬೇಕು ಅಂತ ಕಲಂ 3 ಹೇಳುತ್ತೆ.

ಈಗ ಐದನೇ ಕಲಂಗೆ ಬರೋಣ. ಮೊದಲು ಅದು ಎಲ್ಲಿ ನಡೆಯೋದಿಲ್ಲ ಅಂತ ನೋಡಿ.

ಕಾಗದವೇ ಇಲ್ಲ ಅಂದುಕೊಳ್ಳಿ. ರಾಮಣ್ಣ ಏಪ್ರಿಲ್ 8ಕ್ಕೆ ಎದೆನೋವು ಅಂತ ಆಸ್ಪತ್ರೆ ಸೇರಿದ, 16ರ ಸಂಜೆ ಮನೆಗೆ ಬಂದ, 17ರ ಬೆಳಗ್ಗೆ ದಾವೆ ಹಾಕಿದ. 15ಕ್ಕೆ ಹಾಕಬೇಕಿತ್ತು, ತಡ ಎರಡೇ ದಿನ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಬಿಲ್ಲು, ಎಲ್ಲ ಸಾಚಾ. ದಾವೆಯ ಜೊತೆಗೆ ಐದನೇ ಕಲಂ ಅರ್ಜಿಯನ್ನೂ ಹಾಕಿದ್ದಾನೆ. ಏನಾಗುತ್ತೆ? ವಜಾ. ಐದನೇ ಕಲಂ ಇರೋದು ಮೇಲ್ಮನವಿಗೆ ಮತ್ತು ಅರ್ಜಿಗಳಿಗೆ, ಅದರಲ್ಲೂ ಡಿಕ್ರಿ ಜಾರಿಯ ಆದೇಶ 21ರ ಅರ್ಜಿಗಳನ್ನು ಬಿಟ್ಟು. ದಾವೆಗೆ ಅದು ಅನ್ವಯಿಸೋದೇ ಇಲ್ಲ. ನ್ಯಾಯಾಧೀಶರಿಗೆ ಕರುಣೆ ಇದ್ದರೂ ಕೈಯಲ್ಲಿ ಅಧಿಕಾರ ಇಲ್ಲ. ಒಮ್ಮೆ ಗಡಿಯಾರ ಓಡೋಕೆ ಶುರುವಾದ ಮೇಲೆ ಆಮೇಲೆ ಬಂದ ಅಸಹಾಯಕತೆ ಅದನ್ನು ನಿಲ್ಲಿಸೋದಿಲ್ಲ ಅಂತ ಕಲಂ 9 ಬೇರೆ ಹೇಳಿದೆ. ನನ್ನನ್ನು ಕೇಳಿದರೆ ಇದು ಕಠಿಣ ನಿಯಮ, ಎರಡು ದಿನಕ್ಕೆ ನಾಲ್ಕು ಲಕ್ಷ ಹೋಗೋದು ನ್ಯಾಯ ಅನ್ನಿಸೋದಿಲ್ಲ. ಆದರೆ ದಾವೆಗೆ ಮೂರು ವರ್ಷ ಕೊಟ್ಟಿದ್ದಾರೆ, ಮೇಲ್ಮನವಿಗೆ ಮೂವತ್ತು ದಿನ. ಮೂವತ್ತು ದಿನದಲ್ಲಿ ಒಂದು ಜ್ವರ ಬಂದರೆ ಅವಧಿಯೇ ಮುಗಿದುಹೋಗುತ್ತೆ, ಅದಕ್ಕೆ ಅಲ್ಲಿ ಸಡಿಲ ಇಟ್ಟಿದ್ದಾರೆ ಅಂತ ಅರ್ಥ ಮಾಡಿಕೊಳ್ಳಬಹುದು. ಹಾಗಂತ ಸಾಲವೇ ಸತ್ತುಹೋಯಿತು ಅಂತಲೂ ಬರೀಬೇಡಿ. ಹೋಗಿದ್ದು ಕೋರ್ಟಿನ ದಾರಿ ಮಾತ್ರ. ಸೋಮಣ್ಣ ನಾಳೆ ಮನಸ್ಸು ಬದಲಾಯಿಸಿ ಕೊಟ್ಟರೆ ರಾಮಣ್ಣ ಇಟ್ಟುಕೊಳ್ಳಬಹುದು, ಕಾಲಮಿತಿ ಮೀರಿತ್ತು ಅಂತ ಅವನು ವಾಪಸ್ ಕೇಳೋ ಹಾಗಿಲ್ಲ.

ಇನ್ನು ಮೇಲ್ಮನವಿ. ಇಲ್ಲಿ ಐದನೇ ಕಲಂಗೆ ಜಾಗ ಇದೆ, ಆದರೆ ಲೆಕ್ಕ ಮೊದಲು. ಆರ್ಟಿಕಲ್ 116 ಪ್ರಕಾರ ಹೈಕೋರ್ಟಿಗಾದರೆ ತೊಂಬತ್ತು ದಿನ, ಬೇರೆ ಕೋರ್ಟಿಗೆ ಮೂವತ್ತು ದಿನ, ಡಿಕ್ರಿಯ ದಿನದಿಂದ. ಡಿಕ್ರಿ ಫೆಬ್ರವರಿ 2. ಆ ದಿನ ಬಿಟ್ಟು ಮೂವತ್ತು ಎಣಿಸಿದರೆ ಮಾರ್ಚ್ 4. ಇಲ್ಲಿಗೆ ನಿಲ್ಲಿಸಿದರೆ ಮತ್ತೆ ತಪ್ಪು. ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು ಪಡೆಯೋಕೆ ಬೇಕಾದ ಸಮಯವನ್ನು ಕಲಂ 12 ಬಿಡಿಸುತ್ತೆ. ರಾಮಣ್ಣ ನಕಲಿಗೆ ಅರ್ಜಿ ಹಾಕಿದ್ದು ಫೆಬ್ರವರಿ 9, ನಕಲು ತಯಾರಾಗಿ ಸಿಕ್ಕಿದ್ದು 20. ಎರಡೂ ದಿನ ಸೇರಿಸಿ ಹನ್ನೆರಡು ದಿನ. ಮಾರ್ಚ್ 4ಕ್ಕೆ ಹನ್ನೆರಡು ಸೇರಿಸಿದರೆ ಕೊನೆಯ ದಿನ ಮಾರ್ಚ್ 16, ಸೋಮವಾರ. ಫೆಬ್ರವರಿ 3ರಿಂದ 8ರವರೆಗೆ ಅರ್ಜಿಯನ್ನೇ ಹಾಕದೆ ಕೂತ ದಿನಗಳು ಬಿಡಿಸಲ್ಪಡೋದಿಲ್ಲ, ಅವು ರಾಮಣ್ಣನ ಖಾತೆಗೇ ಖರ್ಚು. ನಕಲು 20ಕ್ಕೇ ತಯಾರಾಗಿ ಇವನು 27ಕ್ಕೆ ಹೋಗಿ ತಂದಿದ್ದರೂ ಲೆಕ್ಕ 20ಕ್ಕೇ ನಿಲ್ಲುತ್ತಿತ್ತು. ನಕಲಿನ ಕೊನೆಯ ಪುಟದ ಹಿಂದೆ ಅರ್ಜಿ ಹಾಕಿದ ದಿನ, ತಯಾರಾದ ದಿನ, ಕೊಟ್ಟ ದಿನ ಅಂತ ಮುದ್ರೆ ಒತ್ತಿ ಬರೆದಿರ್ತಾರೆ ನೋಡಿ, ಅದು ಇದೇ ಲೆಕ್ಕಕ್ಕೆ.

ಮೇಲ್ಮನವಿ ಹಾಕಿದ್ದು ಏಪ್ರಿಲ್ 10. ಮಾರ್ಚ್ 17ರಿಂದ ಎಣಿಸಿದರೆ ಇಪ್ಪತ್ತೈದು ದಿನ ತಡ. ಮಾರ್ಚ್ 5ರಿಂದ ಎಣಿಸಿದ್ದರೆ ಮೂವತ್ತೇಳು ಅಂತ ಬರೀತಿದ್ರಿ. ಮನ್ನಾ ಕೇಳುವವನು ಎಷ್ಟು ದಿನದ ಮನ್ನಾ ಬೇಕು ಅನ್ನೋದನ್ನೇ ತಪ್ಪು ಬರೆದರೆ ಅರ್ಜಿ ಮೊದಲ ಸಾಲಿನಲ್ಲೇ ಕುಂಟುತ್ತೆ.

ಈ ಅರ್ಜಿಯನ್ನು ಮೇಲ್ಮನವಿಯ ಜೊತೆಗೇ ಹಾಕಬೇಕು, ಕಾರಣ ಹೇಳುವ ಅಫಿಡವಿಟ್ ಸಮೇತ. ಆದೇಶ 41 ನಿಯಮ 3ಎ ಅದಕ್ಕೆ. ರಾಮಣ್ಣನ ಅಫಿಡವಿಟ್ ಹೀಗಿದೆ ಅಂದುಕೊಳ್ಳಿ. ಮಾರ್ಚ್ 12ಕ್ಕೆ ಡೆಂಗಿ ಅಂತ ದಾಖಲಾದೆ, 21ಕ್ಕೆ ಬಿಟ್ಟರು, 31ರವರೆಗೆ ವಿಶ್ರಾಂತಿ ಅಂತ ವೈದ್ಯರು ಬರೆದುಕೊಟ್ಟರು, ಆಮೇಲೆ ತೋಟದ ಕೆಲಸ ಇತ್ತು, ಏಪ್ರಿಲ್ 10ಕ್ಕೆ ವಕೀಲರನ್ನು ಕಂಡೆ.

ಇದನ್ನು ತುಂಡು ಮಾಡಿ ನೋಡಿ. ಮಾರ್ಚ್ 12ರವರೆಗೆ ಯಾಕೆ ಹಾಕಲಿಲ್ಲ ಅಂತ ಎದುರು ಪಕ್ಷ ಕೇಳಿದರೆ ಅದರಲ್ಲಿ ಹೆಚ್ಚು ಹುರುಳಿಲ್ಲ, ಕೊನೆಯ ದಿನದವರೆಗೆ ಕಾಯೋದು ಅವನ ಹಕ್ಕು. ರಾಮ್‌ಲಾಲ್ ಮತ್ತು ರೇವಾ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ 1961ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಈ ಮಾತು ಹೇಳಿದೆ. 16ರಂದು ಅವನು ಹಾಸಿಗೆಯಲ್ಲಿದ್ದ, ಅದೇ ಮುಖ್ಯ. 17ರಿಂದ 31ರವರೆಗೆ ಹದಿನೈದು ದಿನಕ್ಕೆ ದಾಖಲೆ ಇದೆ, ಅದು ಗಟ್ಟಿ. ಉಳಿದದ್ದು ಏಪ್ರಿಲ್ 1ರಿಂದ 10, ಹತ್ತು ದಿನ. ತೋಟದ ಕೆಲಸ ಅನ್ನೋದು ಸಾಕಾಗುವ ಕಾರಣವೇ? ಒಬ್ಬ ನ್ಯಾಯಾಧೀಶರು ಇಲ್ಲಿ ಹುಬ್ಬೇರಿಸಬಹುದು. ಬರೆಯಬೇಕಾದ ಉತ್ತರ ಹೀಗೆ: ಅನಂತನಾಗ್ ಭೂಸ್ವಾಧೀನ ಕಲೆಕ್ಟರ್ ಮತ್ತು ಕಾಟಿಜಿ ಪ್ರಕರಣದಲ್ಲಿ, 1987ರಲ್ಲಿ, 'ಪ್ರತಿ ದಿನದ ತಡಕ್ಕೂ ವಿವರಣೆ' ಅನ್ನೋದನ್ನು ಹಟಕ್ಕೆ ಬಿದ್ದು ಓದಬಾರದು, ಹಾಗೆ ಓದಿದರೆ ಪ್ರತಿ ಗಂಟೆಗೂ ಪ್ರತಿ ಸೆಕೆಂಡಿಗೂ ಯಾಕೆ ಕೇಳಬಾರದು ಅಂತ ಸುಪ್ರೀಂ ಕೋರ್ಟ್ ಕೇಳಿತ್ತು. 1998ರ ಬಾಲಕೃಷ್ಣನ್ ಪ್ರಕರಣದಲ್ಲಿ ತಡ ಎಷ್ಟು ಉದ್ದ ಅನ್ನೋದಕ್ಕಿಂತ ಕಾರಣ ನಂಬುವಂಥದ್ದೇ ಅನ್ನೋದು ಮುಖ್ಯ ಅಂದಿತು. ಹಾಗಾಗಿ ಮುಖ್ಯ ಭಾಗಕ್ಕೆ ಗಟ್ಟಿ ಕಾರಣ ಇದ್ದು, ಉಳಿದದ್ದರಲ್ಲಿ ಮೋಸ, ಕುತಂತ್ರ ಕಾಣದಿದ್ದರೆ, ಎದುರು ಪಕ್ಷಕ್ಕೆ ಒಂದಿಷ್ಟು ಖರ್ಚು ಕೊಡಿಸಿ ಮನ್ನಾ ಮಾಡೋದು ಸಾಧ್ಯ. 'ಮಾಡಲೇಬೇಕು' ಅಂತ ಬರೀಬೇಡಿ. ಕಾರಣ ಸಾಬೀತಾದ ಮೇಲೂ ಮನ್ನಾ ಕೋರ್ಟಿನ ವಿವೇಚನೆ, ಅದನ್ನೂ ರೇವಾ ಕೋಲ್‌ಫೀಲ್ಡ್ಸ್‌ನಲ್ಲೇ ಹೇಳಿದ್ದಾರೆ.

ಕಾಟಿಜಿ ಒಂದನ್ನೇ ಬಾಯಿಪಾಠ ಮಾಡಿಕೊಂಡು ಬರೋರು ಬಹಳ. ಗಾಳಿ ಈಚೆಗೆ ಅಷ್ಟು ಸಡಿಲ ಇಲ್ಲ, ಅದರಲ್ಲೂ ಸರ್ಕಾರಿ ಸಂಸ್ಥೆಗಳಿಗೆ. 2012ರ ಲಿವಿಂಗ್ ಮೀಡಿಯಾ ಪ್ರಕರಣದಲ್ಲಿ ಅಂಚೆ ಇಲಾಖೆಯ 427 ದಿನದ ತಡವನ್ನು, ಕಡತ ಮೇಜಿಂದ ಮೇಜಿಗೆ ಹೋಗ್ತಿತ್ತು ಅನ್ನೋ ಕಾರಣಕ್ಕೆ ಮನ್ನಾ ಮಾಡೋಕೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2025ರಲ್ಲಿ ನಮ್ಮದೇ ಕರ್ನಾಟಕ ಗೃಹ ಮಂಡಳಿಯ ಪ್ರಕರಣ ಬಂತು. ಮಂಡಳಿ ಎರಡನೇ ಮೇಲ್ಮನವಿಯನ್ನು 3,966 ದಿನ ತಡವಾಗಿ ಹಾಕಿತ್ತು, ಹೈಕೋರ್ಟ್ ಮನ್ನಾ ಮಾಡಿತ್ತು, ಸುಪ್ರೀಂ ಕೋರ್ಟ್ ಆ ಮನ್ನಾವನ್ನೇ ರದ್ದು ಮಾಡಿತು. ಹತ್ತು ವರ್ಷಕ್ಕೂ ಜಾಸ್ತಿ ಆಯಿತು, ಲೆಕ್ಕ ಹಾಕಿ. ರಾಮಣ್ಣನ ಇಪ್ಪತ್ತೈದು ದಿನವನ್ನು ಇದರ ಪಕ್ಕ ಇಡೋಕಾಗಲ್ಲ, ಆದರೆ ಬರೀ ಉದಾರತೆ ಅನ್ನೋ ಪದ ಬರೆದು ಉತ್ತರ ಮುಗಿಸೋ ಕಾಲ ಹೋಯಿತು ಅನ್ನೋದಕ್ಕೆ ಈ ಎರಡು ಪ್ರಕರಣ ಸಾಕು.

ಕೊನೆಗೆ, ಪ್ರತಿ ವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆ. ಮೇಲ್ಮನವಿಯ ತಡ ಮನ್ನಾ ಆಯಿತು ಅಂದರೆ ದಾವೆಯ ತಡವೂ ಹೋಯಿತಾ ಸಾರ್? ಇಲ್ಲ. ಮನ್ನಾದಿಂದ ರಾಮಣ್ಣನಿಗೆ ಸಿಕ್ಕಿದ್ದು ಮೇಲಿನ ಕೋರ್ಟಿನೊಳಗೆ ನಿಂತು ಮಾತಾಡೋ ಅವಕಾಶ ಅಷ್ಟೇ. ಅಲ್ಲಿ ಅವನು ಹೇಳಬೇಕಾದ್ದು ಕೆಳಗಿನ ಕೋರ್ಟು ಕಾಗದವನ್ನು ಯಾಕೆ ತಪ್ಪು ಓದಿತು ಅಂತ. ಅಣ್ಣನಿಗೆ ಬರೆದದ್ದು, ಕೊಡೋದಿಲ್ಲ ಅಂತ ಇದೆ ಅನ್ನೋ ಕಾರಣಕ್ಕೆ ಅದನ್ನು ಬದಿಗಿಟ್ಟಿದ್ದರೆ ಕಲಂ 18ರ ವಿವರಣೆ ತೋರಿಸಿ ಗೆಲ್ತಾನೆ, ಸಹಿ ಏಪ್ರಿಲ್ 10ರದ್ದು ಅಂತ ಸಾಬೀತಾಗಿದ್ದರೆ. ವಿಚಾರಣೆಯಲ್ಲಿ ಅಣ್ಣನೇ ಸಾಕ್ಷಿ ಕಟ್ಟೆಯಲ್ಲಿ ನಿಂತು, ತಾರೀಖು 10 ಅಂತ ಹಾಕಿದ್ದರೂ ನಿಜವಾಗಿ ಸಹಿ ಹಾಕಿದ್ದು ಅಂಬೇಡ್ಕರ್ ಜಯಂತಿ ದಿನ, ನನ್ನ ಮನೆಯಲ್ಲೇ ಅಂತ ಹೇಳಿ, ಕೋರ್ಟು ಅದನ್ನು ನಂಬಿದ್ದರೆ, ಇಪ್ಪತ್ತೈದು ದಿನ ಮನ್ನಾ ಮಾಡಿಸಿಕೊಂಡು ಬಂದ ಮೇಲ್ಮನವಿಯೂ ವಜಾ.